ದೂರು ಕೈಗೆ ಬಂದ ದಿನದಿಂದ ವರದಿಯವರೆಗೆ

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಒಂದು ಆಂತರಿಕ ಸಮಿತಿ ಇರಬೇಕು ಎನ್ನುತ್ತದೆ 2013ರ ಕಾಯ್ದೆ. ಆ ವರ್ಷದ ಡಿಸೆಂಬರ್ 9ರಂದು ಜಾರಿಗೆ ಬಂದ ಈ ಕಾನೂನನ್ನು ಕಚೇರಿಗಳಲ್ಲಿ ‘ಪಾಶ್’ ಎಂದೂ, ಸಮಿತಿಯನ್ನು ‘ಐಸಿ’ ಅಥವಾ ಹಳೆಯ ರೂಢಿಯಂತೆ ‘ಐಸಿಸಿ’ ಎಂದೂ ಕರೆಯುತ್ತಾರೆ. ಹತ್ತಕ್ಕಿಂತ ಕಡಿಮೆ ಜನ ಇರುವಲ್ಲಿ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದಾಗ, ಜಿಲ್ಲೆಗೊಂದರಂತೆ ಇರುವ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರ ದೂರಿಗೂ ಅದೇ ದಾರಿ.

ಸಮಿತಿಯ ಸ್ವರೂಪ ಕಾಯ್ದೆಗಿಂತ ಹಳೆಯದು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯುವ ಕೆಲಸದಲ್ಲಿದ್ದ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಹಿನ್ನೆಲೆಯಲ್ಲಿ ‘ವಿಶಾಖಾ’ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. 1997ರ ಆಗಸ್ಟ್ 13ರಂದು ಕೋರ್ಟು ಕೊಟ್ಟ ಮಾರ್ಗಸೂಚಿಯಲ್ಲೇ ಸಮಿತಿಗೆ ಮಹಿಳೆ ಮುಖ್ಯಸ್ಥೆಯಾಗಿರಬೇಕು, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು, ಹೊರಗಿನವರೊಬ್ಬರು ಕೂತಿರಬೇಕು ಎಂಬ ಮೂರೂ ಮಾತುಗಳಿದ್ದವು. ಹೊರಗಿನವರು ಏಕೆ ಎಂಬುದಕ್ಕೆ ಕೋರ್ಟು ಕಾರಣವನ್ನೂ ಹೇಳಿತ್ತು: ಮೇಲಧಿಕಾರಿಗಳ ಒತ್ತಡ ಸಮಿತಿಯ ಮೇಲೆ ಬೀಳದಿರಲಿ ಎಂದು. ಈ ಕಾರಣವನ್ನು ನೆನಪಿಟ್ಟುಕೊಂಡರೆ ಸಮಿತಿ ರಚನೆಯ ಉಳಿದ ನಿಯಮಗಳೂ ತಾವಾಗಿ ಅರ್ಥವಾಗುತ್ತವೆ.

ಸಮಿತಿಯನ್ನು ಮಾಲೀಕರು ಲಿಖಿತ ಆದೇಶದ ಮೂಲಕ ರಚಿಸಬೇಕು. ಬಾಯಿಮಾತಿನಲ್ಲಿ ‘ನೀವು ನಾಲ್ಕು ಜನ ನೋಡಿಕೊಳ್ಳಿ’ ಎಂದರೆ ಅದು ಸಮಿತಿಯಲ್ಲ. ಅಧ್ಯಕ್ಷೆ ಅದೇ ಸಂಸ್ಥೆಯಲ್ಲಿ ಹಿರಿಯ ಹುದ್ದೆಯಲ್ಲಿರುವ ಮಹಿಳೆ. ಆ ಘಟಕದಲ್ಲಿ ಅಂಥವರು ಸಿಗದಿದ್ದರೆ ಸಂಸ್ಥೆಯ ಬೇರೆ ಕಚೇರಿಯಿಂದ, ಅಲ್ಲೂ ಇಲ್ಲದಿದ್ದರೆ ಬೇರೆ ಸಂಸ್ಥೆಯಿಂದ ತರಬಹುದು. ನೌಕರರ ಪೈಕಿ ಕನಿಷ್ಠ ಇಬ್ಬರು ಸದಸ್ಯರು. ಮಹಿಳೆಯರ ವಿಷಯದಲ್ಲಿ ಕಾಳಜಿ, ಸಮಾಜಸೇವೆಯ ಅನುಭವ ಅಥವಾ ಕಾನೂನಿನ ತಿಳಿವಳಿಕೆ ಇದ್ದವರಿಗೆ ಆದ್ಯತೆ. ಇವರ ಜೊತೆಗೆ ಮಹಿಳಾ ಸಂಘಟನೆಯಿಂದಲೋ, ಲೈಂಗಿಕ ಕಿರುಕುಳದ ವಿಷಯ ಬಲ್ಲವರಲ್ಲೋ ಒಬ್ಬ ಹೊರಗಿನ ಸದಸ್ಯರು. ಹೀಗೆ ಲೆಕ್ಕ ಹಾಕಿದರೆ ನಾಲ್ವರಿಗಿಂತ ಕಡಿಮೆಯ ಸಮಿತಿ ಸಾಧ್ಯವೇ ಇಲ್ಲ, ಆ ನಾಲ್ವರಲ್ಲಿ ಇಬ್ಬರಾದರೂ ಮಹಿಳೆಯರಿರಬೇಕು. ಯಾರ ಅವಧಿಯೂ ಮೂರು ವರ್ಷ ಮೀರುವಂತಿಲ್ಲ.

ಹೆಚ್ಚಿನ ಸಮಿತಿಗಳು ಎಡವುವುದು ಇಲ್ಲೇ. ಕಂಪನಿಯ ಕೇಸುಗಳನ್ನು ವರ್ಷವಿಡೀ ನೋಡಿಕೊಳ್ಳುವ ವಕೀಲರನ್ನೇ ‘ಹೊರಗಿನ ಸದಸ್ಯ’ರನ್ನಾಗಿ ಕೂರಿಸುವುದು ಸಾಮಾನ್ಯ. ಅವರು ಸಂಬಳದ ಪಟ್ಟಿಯಲ್ಲಿಲ್ಲ ನಿಜ, ಆದರೆ ಅವರ ಶುಲ್ಕ ಬರುವುದು ಕಂಪನಿಯಿಂದಲೇ. ಮಾಲೀಕರ ಒತ್ತಡಕ್ಕೆ ತಡೆಯಾಗಬೇಕಾದ ಕುರ್ಚಿಯಲ್ಲಿ ಮಾಲೀಕರ ಕಕ್ಷಿದಾರಿಕೆಯನ್ನೇ ನಂಬಿದವರು ಕೂತಂತಾಗುತ್ತದೆ. ಇನ್ನೊಂದು ತಪ್ಪು, ಊರೂರಲ್ಲಿ ಶಾಖೆಗಳಿರುವ ಕಂಪನಿಗೆ ಪ್ರಧಾನ ಕಚೇರಿಯಲ್ಲಿ ಒಂದೇ ಸಮಿತಿ ಮಾಡಿ ಕೈ ತೊಳೆದುಕೊಳ್ಳುವುದು. ಬೇರೆ ಬೇರೆ ಕಡೆ ಇರುವ ಪ್ರತಿ ಕಚೇರಿ, ಪ್ರತಿ ಘಟಕಕ್ಕೂ ಸಮಿತಿ ಇರಬೇಕೆಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಮೂರನೆಯದು ಅವಧಿ ಮುಗಿದದ್ದನ್ನು ಯಾರೂ ಗಮನಿಸದಿರುವುದು. ದೂರು ಬಂದ ಮೇಲೆ ಫೈಲು ತೆಗೆದು ನೋಡಿದರೆ ಆದೇಶಕ್ಕೆ ನಾಲ್ಕು ವರ್ಷವಾಗಿರುತ್ತದೆ, ಒಬ್ಬ ಸದಸ್ಯರು ಕೆಲಸ ಬಿಟ್ಟೇ ಹೋಗಿರುತ್ತಾರೆ. ಅಂಥ ಸಮಿತಿ ಎಷ್ಟೇ ಪ್ರಾಮಾಣಿಕವಾಗಿ ವಿಚಾರಿಸಿದರೂ ಅದರ ವರದಿಯನ್ನು ಮೇಲ್ಮನವಿಯಲ್ಲಿ ಮೊದಲ ದಿನವೇ ಪ್ರಶ್ನಿಸಬಹುದು. ಆ ನಷ್ಟ ಬೀಳುವುದು ದೂರು ಕೊಟ್ಟ ಹೆಣ್ಣುಮಗಳ ಮೇಲೆ.

ವಿಚಾರಣೆ ಹೇಗೆ ಸಾಗಬೇಕೆಂಬುದನ್ನು ಒಂದು ಕಲ್ಪಿತ ಪ್ರಕರಣದ ಮೂಲಕ ನೋಡಬಹುದು. ಮಂಡ್ಯ ಜಿಲ್ಲೆಯಲ್ಲಿ ಆರುನೂರು ಜನರ ಒಂದು ಗಾರ್ಮೆಂಟ್ಸ್ ಘಟಕ. ಹೊಲಿಗೆ ಯಂತ್ರದ ಆಪರೇಟರ್ ಒಬ್ಬರು ತಮ್ಮ ಲೈನಿನ ಸೂಪರ್‌ವೈಸರ್ ಮೇಲೆ ಜೂನ್ 10ರ ಸೋಮವಾರ ದೂರು ಕೊಡುತ್ತಾರೆ. ಫೆಬ್ರವರಿ 12ರಂದು ಹೊಲಿಗೆ ತಿದ್ದುವ ನೆಪದಲ್ಲಿ ಹೆಗಲ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಏಪ್ರಿಲ್ 16ರಂದು ಟಾರ್ಗೆಟ್ ಮುಟ್ಟದಿದ್ದಾಗ ಎಲ್ಲರೆದುರು ಮೈಕಟ್ಟಿನ ಬಗ್ಗೆ ಕೊಳಕು ಮಾತಾಡಿದರು. ಮೇ 20ರಂದು ಮಗುವಿಗೆ ಜ್ವರವೆಂದು ಗೇಟ್‌ಪಾಸ್ ಕೇಳಿದಾಗ ‘ಸಂಜೆ ಒಬ್ಬಳೇ ಸಿಗುವುದಾದರೆ ಕೊಡುತ್ತೇನೆ’ ಎಂದರು. ರಾತ್ರಿ ಹೊತ್ತು ಫೋನಿಗೆ ಸಂದೇಶಗಳೂ ಬರುತ್ತಿದ್ದವು. ಇಷ್ಟು ಅವರ ದೂರು.

ಮೊದಲ ಪ್ರಶ್ನೆ ಅವಧಿಯದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಫೆಬ್ರವರಿಯ ಘಟನೆಯನ್ನಷ್ಟೇ ನೋಡಿದರೆ ಆ ಗಡುವು ಮೇ ತಿಂಗಳಲ್ಲೇ ಮುಗಿದಿದೆ. ಆದರೆ ಒಂದರ ಹಿಂದೊಂದು ಘಟನೆ ನಡೆದಿದ್ದರೆ ಲೆಕ್ಕ ಶುರುವಾಗುವುದು ಕೊನೆಯದರಿಂದ. ಮೇ 20ರಿಂದ ಎಣಿಸಿದರೆ ದೂರು ಸಮಯದೊಳಗೇ ಇದೆ. ಕೊನೆಯ ಘಟನೆಯೂ ಹಳೆಯದಾಗಿದ್ದರೆ, ತಡವಾದದ್ದಕ್ಕೆ ತಕ್ಕ ಕಾರಣವಿದೆ ಎಂದು ಬರೆದಿಟ್ಟು ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು.

ದೂರು ಲಿಖಿತವಾಗಿರಬೇಕು. ಓದುಬರಹ ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ಈ ಘಟಕದಲ್ಲಿ ಆಪರೇಟರ್ ತಮ್ಮ ಮಾತಿನಲ್ಲಿ ಹೇಳುತ್ತ ಹೋದದ್ದನ್ನು ಸದಸ್ಯೆಯೊಬ್ಬರು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯುತ್ತಾರೆ. ಆಡಿದ ಕೊಳಕು ಮಾತನ್ನು ‘ಅಸಭ್ಯವಾಗಿ ವರ್ತಿಸಿದರು’ ಎಂದು ಮಡಿ ಮಾಡಿ ಬರೆಯಬಾರದು. ಸೂಪರ್‌ವೈಸರ್ ಏನೆಂದರೆಂದು ಅವರು ಹೇಳಿದ ಪದಗಳಲ್ಲೇ ಇರಬೇಕು, ಏಕೆಂದರೆ ಮುಂದೆ ಸಾಕ್ಷಿಗಳು ಹೇಳುವುದನ್ನು ತಾಳೆ ನೋಡುವುದು ಆ ಪದಗಳ ಜೊತೆಗೇ. ನಿಯಮದಂತೆ ದೂರು ಆರು ಪ್ರತಿಗಳಲ್ಲಿ, ದಾಖಲೆಗಳು ಮತ್ತು ಸಾಕ್ಷಿಗಳ ಹೆಸರು ವಿಳಾಸದೊಂದಿಗೆ ಇರಬೇಕು. ಪ್ರತಿಗಳು ಕಡಿಮೆ ಇವೆ ಎಂದು ದೂರನ್ನು ವಾಪಸು ಕಳಿಸುವ ಸಮಿತಿ ತನ್ನ ಕೆಲಸವನ್ನೇ ತಪ್ಪಾಗಿ ತಿಳಿದಿದೆ. ಅದನ್ನು ಸಮಿತಿಯೇ ಜೆರಾಕ್ಸ್ ಮಾಡಿಸಿಕೊಂಡರಾಯಿತು.

ಅದೇ ದಿನ ಮಾಡಬೇಕಾದ ಒಂದು ಕೆಲಸವನ್ನು ಯಾವ ನಿಯಮವೂ ಹೆಸರಿಟ್ಟು ಹೇಳುವುದಿಲ್ಲ. ಸಿಸಿಟಿವಿ ಚಿತ್ರಗಳು ಕೆಲವು ವಾರಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ. ಮೇ 20ರ ಚಿತ್ರ ಇನ್ನೂ ಇದ್ದರೆ ಅದನ್ನು ತೆಗೆದಿಡುವಂತೆ, ಗೇಟ್‌ಪಾಸ್ ಪುಸ್ತಕ, ಹಾಜರಿ, ಲೈನಿನ ಗಂಟೆವಾರು ಉತ್ಪಾದನೆಯ ಹಾಳೆಗಳನ್ನು ಜೋಪಾನ ಮಾಡುವಂತೆ ಸಮಿತಿ ತಕ್ಷಣ ಪತ್ರ ಬರೆಯಬೇಕು. ದಾಖಲೆ ತರಿಸಲು, ಜನರನ್ನು ಕರೆಸಿ ಪ್ರಮಾಣದ ಮೇಲೆ ಹೇಳಿಕೆ ಪಡೆಯಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರ ಸಮಿತಿಗೂ ಇದೆ.

ದೂರು ಬಂದ ಏಳು ಕೆಲಸದ ದಿನಗಳೊಳಗೆ ಒಂದು ಪ್ರತಿಯನ್ನು ಆಪಾದಿತರಿಗೆ ಕೊಡಬೇಕು. ಭಾನುವಾರ ಮಾತ್ರ ರಜೆಯಾದರೆ ಆ ಗಡುವು ಜೂನ್ 18. ಸೂಪರ್‌ವೈಸರ್‌ಗೆ ಪ್ರತಿ ತಲುಪಿದ್ದು ಜೂನ್ 14ರ ಶುಕ್ರವಾರ ಎಂದುಕೊಂಡರೆ, ಉತ್ತರ ಕೊಡಲು ಅವರಿಗಿರುವ ಹತ್ತು ಕೆಲಸದ ದಿನಗಳು ಜೂನ್ 26ಕ್ಕೆ ಮುಗಿಯುತ್ತವೆ. ಉತ್ತರದ ಜೊತೆ ತಮ್ಮ ದಾಖಲೆ, ಸಾಕ್ಷಿಗಳ ಪಟ್ಟಿಯನ್ನೂ ಅವರು ಕೊಡಬೇಕು. ಇಡೀ ವಿಚಾರಣೆಗೆ 90 ದಿನ. ದೂರು ಬಂದ ದಿನದಿಂದಲೇ ಎಣಿಸುವುದು ಸುರಕ್ಷಿತ ಪದ್ಧತಿ. ಹಾಗೆ ಎಣಿಸಿದರೆ ಸೆಪ್ಟೆಂಬರ್ 8 ಕೊನೆಯ ದಿನ.

ಈ ನಡುವೆ ಇಬ್ಬರೂ ಒಂದೇ ಲೈನಿನಲ್ಲಿರುವುದು ಹೇಗೆ? ದೂರುದಾರೆ ಲಿಖಿತವಾಗಿ ಕೇಳಿಕೊಂಡರೆ ಸಮಿತಿ ಮಧ್ಯಂತರ ಕ್ರಮಗಳನ್ನು ಶಿಫಾರಸು ಮಾಡಬಹುದು, ಮಾಲೀಕರು ಅದನ್ನು ಜಾರಿ ಮಾಡಿ ಸಮಿತಿಗೆ ತಿಳಿಸಬೇಕು. ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ಹಾಕುವುದು, ದೂರುದಾರೆಗೆ ಅವರ ಪಾಲಿನ ರಜೆಯಲ್ಲದೆ ಮೂರು ತಿಂಗಳವರೆಗೆ ರಜೆ ಕೊಡುವುದು, ಆಪಾದಿತರು ದೂರುದಾರೆಯ ಕೆಲಸದ ಬಗ್ಗೆ ವರದಿ ಬರೆಯದಂತೆ ತಡೆಯುವುದು ಇದರಲ್ಲಿ ಸೇರಿವೆ. ಗಾರ್ಮೆಂಟ್ಸಿನಲ್ಲಿ ಹೆಚ್ಚಾಗಿ ಹೆಣ್ಣುಮಗಳನ್ನೇ ಬೇರೆ ಲೈನಿಗೆ ಕಳಿಸಿಬಿಡುತ್ತಾರೆ. ಹೊಸ ಲೈನಿನಲ್ಲಿ ಹೊಸ ಆಪರೇಷನ್ ಕಲಿಯುವಷ್ಟರಲ್ಲಿ ಅವರ ಇನ್ಸೆಂಟಿವ್ ಹೋಗಿರುತ್ತದೆ. ದೂರು ಕೊಟ್ಟದ್ದಕ್ಕೆ ದಂಡ ಕಟ್ಟಿದ ಹಾಗೆ. ಸೂಪರ್‌ವೈಸರ್‌ರನ್ನು ಬೇರೆ ಫ್ಲೋರಿಗೆ ಹಾಕುವುದೇ ಸರಿಯಾದ ದಾರಿ, ವಿಚಾರಣೆ ಮುಗಿಯದಿದ್ದಾಗ ಅದನ್ನು ಶಿಕ್ಷೆ ಎಂದು ಕರೆಯಬಾರದು ಅಷ್ಟೆ.

ರಾಜಿಗೂ ಕಾನೂನಿನಲ್ಲಿ ಜಾಗವಿದೆ, ಆದರೆ ಕಿರಿದಾದ ಜಾಗ. ವಿಚಾರಣೆ ಶುರುವಾಗುವ ಮುಂಚೆ, ದೂರುದಾರೆಯೇ ಕೇಳಿದರೆ ಮಾತ್ರ ಸಂಧಾನ. ಹಣ ಕೊಟ್ಟು ಮುಗಿಸುವ ರಾಜಿ ನಡೆಯುವುದಿಲ್ಲ. ‘ಕ್ಷಮೆ ಕೇಳಿಸುತ್ತೇವೆ, ಬಿಟ್ಟುಬಿಡಮ್ಮ, ಅವರಿಗೂ ಸಂಸಾರವಿದೆ’ ಎಂದು ಅಧ್ಯಕ್ಷೆ ಅಥವಾ ಎಚ್‌ಆರ್ ವಿಭಾಗದವರು ಮೊದಲು ಬಾಯಿಬಿಟ್ಟರೆ ಅದು ಸಂಧಾನವಾಗದೆ ಒತ್ತಡವಾಗುತ್ತದೆ. ಈ ಪ್ರಕರಣದಲ್ಲಿ ಆಪರೇಟರ್ ಸಂಧಾನ ಕೇಳಿಲ್ಲ, ಹಾಗಾಗಿ ಆ ಮಾತು ಅಲ್ಲಿಗೇ ನಿಲ್ಲಬೇಕು.

ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಕೂತಿರಬೇಕು. ಇಬ್ಬರ ಪರವಾಗಿಯೂ ವಕೀಲರು ಬರುವಂತಿಲ್ಲ. ಪ್ರತಿ ಬೈಠಕ್ಕಿನ ನಡಾವಳಿ ಬರೆದು, ಹೇಳಿಕೆಯ ಪುಟಪುಟಕ್ಕೂ ಹೇಳಿದವರ ಮತ್ತು ಕೂತಿದ್ದ ಸದಸ್ಯರ ಸಹಿ ಹಾಕಿಸಬೇಕು. ಮೊದಲು ದೂರುದಾರೆಯ ಹೇಳಿಕೆ, ಬಳಿಕ ಅವರ ಸಾಕ್ಷಿಗಳು, ಆಮೇಲೆ ಆಪಾದಿತರು ಮತ್ತು ಅವರ ಸಾಕ್ಷಿಗಳು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸಿ, ಪ್ರಶ್ನಿಸುವ ಅವಕಾಶ ಕೊಡುವುದೇ ಸಹಜ ನ್ಯಾಯದ ತಿರುಳು. ಆದರೆ ಇದಕ್ಕಾಗಿ ಇಬ್ಬರನ್ನೂ ಎದುರುಬದುರು ಕೂರಿಸಬೇಕಾಗಿಲ್ಲ. ಸೂಪರ್‌ವೈಸರ್ ಕೇಳಬೇಕೆಂದಿರುವ ಪ್ರಶ್ನೆಗಳನ್ನು ಬರೆದು ಕೊಡುತ್ತಾರೆ, ಸಮಿತಿ ಸಂಬಂಧಪಟ್ಟವನ್ನು ದೂರುದಾರೆಗೆ ಕೇಳಿ ಉತ್ತರ ದಾಖಲಿಸುತ್ತದೆ. ‘ನಿನ್ನ ಗಂಡ ಜೊತೆಗಿಲ್ಲವಂತೆ, ಹೌದೇ’ ಎಂಬಂಥ ಪ್ರಶ್ನೆಯನ್ನು ಬಿಟ್ಟು, ಏಕೆ ಬಿಟ್ಟೆವೆಂದು ನಡಾವಳಿಯಲ್ಲಿ ಒಂದು ಸಾಲು ಬರೆದರೆ ಸಾಕು. ‘ಆಗಲೇ ಏಕೆ ಹೇಳಲಿಲ್ಲ’ ಎಂದು ಸಮಿತಿಯವರೇ ಕೇಳುವುದು ಇನ್ನೂ ಕೆಟ್ಟದ್ದು. ಸಂಬಳ, ಓಟಿ, ರಜೆ ಎಲ್ಲಕ್ಕೂ ಸೂಪರ್‌ವೈಸರ್ ಕೈ ನೋಡಬೇಕಾದವರು ಏಕೆ ಸುಮ್ಮನಿದ್ದರೆಂಬುದು ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು.

ಈ ಪ್ರಕರಣದ ಸಾಕ್ಷ್ಯಗಳನ್ನು ಒಂದೊಂದಾಗಿ ತೂಗಿದರೆ ಸಮಿತಿಯ ನಿಜವಾದ ಕೆಲಸ ಕಾಣುತ್ತದೆ. ಗೇಟ್‌ಪಾಸ್ ಪುಸ್ತಕದಲ್ಲಿ ಮೇ 20ರ ಮಧ್ಯಾಹ್ನ ಆಪರೇಟರ್ ಹೆಸರು ಬರೆದು ಹೊಡೆದುಹಾಕಿದ ಗುರುತಿದೆ. ಅದೇ ಸಂಜೆ 7.40ಕ್ಕೆ ಸೂಪರ್‌ವೈಸರ್ ನಂಬರಿನಿಂದ ‘ಯೋಚನೆ ಮಾಡಿದೆಯಾ’ ಎಂಬ ಸಂದೇಶ ಬಂದಿದೆ. ಸ್ಕ್ರೀನ್‌ಶಾಟ್ ಒಂದನ್ನೇ ನಂಬದೆ ಸಮಿತಿ ಫೋನನ್ನು ತಾನೇ ನೋಡಿ, ನಂಬರು ತಾಳೆ ಹಾಕಿ, ನೋಡಿದ್ದನ್ನು ನಡಾವಳಿಯಲ್ಲಿ ಬರೆಯುತ್ತದೆ. ‘ಅದು ಓಟಿಗೆ ಬರುವ ವಿಚಾರ’ ಎಂಬುದು ಸೂಪರ್‌ವೈಸರ್ ವಿವರಣೆ, ಆದರೆ ಆ ವಾರ ಆ ಲೈನಿಗೆ ಓಟಿಯೇ ಇರಲಿಲ್ಲವೆಂದು ಹಾಜರಿ ಹೇಳುತ್ತದೆ. ಗೇಟ್‌ಪಾಸ್‌ಗೆ ಷರತ್ತು ಹಾಕಿದ ಮಾತನ್ನು ಕೇಳಿಸಿಕೊಂಡವರು ಯಾರೂ ಇಲ್ಲದಿದ್ದರೂ ಸುತ್ತಲಿನ ಸಂಗತಿಗಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ.

ಏಪ್ರಿಲ್ 16ರ ಆರೋಪ ಹೀಗೆ ಸಲೀಸಾಗಿಲ್ಲ. ಅವತ್ತು ತಾವು ರಜೆಯಲ್ಲಿದ್ದೆವೆಂದು ಸೂಪರ್‌ವೈಸರ್ ಹಾಜರಿ ತೋರಿಸುತ್ತಾರೆ, ಅದು ನಿಜವೂ ಹೌದು. ಅಷ್ಟಕ್ಕೇ ‘ಆರೋಪ ಸುಳ್ಳು’ ಎಂದು ಷರಾ ಬರೆಯುವ ಸಮಿತಿಗಳಿವೆ. ಗಂಟೆವಾರು ಹಾಳೆ ತೆಗೆದು ನೋಡಿದರೆ ಲೈನು ಟಾರ್ಗೆಟ್ ತಪ್ಪಿದ್ದು ಏಪ್ರಿಲ್ 15ರಂದು, ಅವತ್ತು ಸೂಪರ್‌ವೈಸರ್ ಇದ್ದರು. ಪಕ್ಕದ ಹೆಲ್ಪರ್ ಆ ಮಾತನ್ನು ಕೇಳಿದ್ದಾಗಿ, ‘ಟಾರ್ಗೆಟ್ ಬರದ ದಿನ’ ಎಂದು ಹೇಳುತ್ತಾರೆ. ತಾರೀಕು ಒಂದು ದಿನ ತಪ್ಪಿದೆ, ಘಟನೆ ತಪ್ಪಿಲ್ಲ. ತಿದ್ದಿದ ತಾರೀಕನ್ನು ಸೂಪರ್‌ವೈಸರ್ ಮುಂದಿಟ್ಟು ಅವರ ಉತ್ತರವನ್ನೂ ಪಡೆದ ಮೇಲೆಯೇ ಸಮಿತಿ ಈ ತೀರ್ಮಾನಕ್ಕೆ ಬರಬೇಕು. ಉಡುಪು ರಫ್ತು ಉತ್ತೇಜನ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಹೇಳಿದ್ದು ಇದನ್ನೇ: ಇಂಥ ದೂರುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿಗೆ ಜೋತುಬೀಳದೆ ಇಡೀ ಪ್ರಕರಣದ ಒಟ್ಟು ಸಂಭವನೀಯತೆಯನ್ನು ನೋಡಬೇಕು. ಕ್ರಿಮಿನಲ್ ಕೇಸಿನಂತೆ ಎಳ್ಳಷ್ಟೂ ಸಂಶಯ ಉಳಿಯದ ಪುರಾವೆ ಇಲ್ಲಿ ಬೇಕಿಲ್ಲ. ಯಾರ ಮಾತು ನಡೆದಿರುವ ಸಾಧ್ಯತೆ ಹೆಚ್ಚು ಎಂಬುದೇ ಅಳತೆ.

ಫೆಬ್ರವರಿ 12ರ ಘಟನೆಗೆ ಸಿಸಿಟಿವಿ ಉಳಿದಿಲ್ಲ, ಹತ್ತಿರದಲ್ಲಿದ್ದ ಇಬ್ಬರೂ ನೋಡಿಲ್ಲವೆನ್ನುತ್ತಾರೆ. ಸಮಿತಿ ಅದನ್ನು ‘ಸಾಬೀತಾಗಿಲ್ಲ’ ಎಂದು ಬರೆಯುತ್ತದೆ. ‘ಸಾಬೀತಾಗಿಲ್ಲ’ ಮತ್ತು ‘ಸುಳ್ಳು’ ಎರಡೂ ಒಂದೇ ಅಲ್ಲ. ದುರುದ್ದೇಶದಿಂದ ಕೊಟ್ಟ ದೂರಿಗೆ ಕ್ರಮ ಕೈಗೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ ನಿಜ, ಆದರೆ ಆ ದುರುದ್ದೇಶವೇ ವಿಚಾರಣೆಯಲ್ಲಿ ಸಿದ್ಧವಾಗಬೇಕು. ಪುರಾವೆ ಒದಗಿಸಲಾಗಲಿಲ್ಲ ಎಂಬುದು ಸಾಲದೆಂದು ಕಾಯ್ದೆಯೇ ಹೇಳುತ್ತದೆ.

ಆಪಾದಿತರಿಗೆ ಮಾತಾಡಲು ಸಾಕಷ್ಟು ಸಮಯ ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ವಿದ್ಯಾರ್ಥಿನಿಯರ ದೂರಿನ ಮೇಲೆ 2009ರಲ್ಲಿ ಸಮಿತಿ ಒಬ್ಬ ಅಧ್ಯಾಪಕರನ್ನು ವಿಚಾರಿಸಿತು. ಸಭೆಗಳು ಒತ್ತೊತ್ತಾಗಿ ನಡೆದವು. ಅನಾರೋಗ್ಯದ ಕಾರಣ ಕೊಟ್ಟು ಅಧ್ಯಾಪಕರು ಕೇಳಿದ ಕಾಲಾವಕಾಶ ಸಿಗದೆ ವಿಚಾರಣೆ ಏಕಪಕ್ಷೀಯವಾಗಿ ಮುಗಿದು ಅವರ ಕೆಲಸ ಹೋಯಿತು. ಬಾಂಬೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ 2023ರ ಮೇ 12ರಂದು ಸುಪ್ರೀಂ ಕೋರ್ಟು ಆ ಅವಸರವೇ ಸಹಜ ನ್ಯಾಯಕ್ಕೆ ಧಕ್ಕೆ ಎಂದು ವಜಾ ಆದೇಶವನ್ನು ರದ್ದುಮಾಡಿ, ವಿಚಾರಣೆಯನ್ನು ಮತ್ತೆ ಸಮಿತಿಗೇ ಕಳಿಸಿತು. ದೂರು ಕೊಟ್ಟಾಗ ವಿದ್ಯಾರ್ಥಿನಿಯರಾಗಿದ್ದವರು ಹದಿನಾಲ್ಕು ವರ್ಷಗಳ ನಂತರವೂ ಅಂತಿಮ ತೀರ್ಮಾನವಿಲ್ಲದೆ ಉಳಿದರು. ಕೆಲವೇ ವಾರ ಹೆಚ್ಚು ಕೊಟ್ಟಿದ್ದರೆ ತಪ್ಪಿಸಬಹುದಾಗಿದ್ದ ಅನ್ಯಾಯವದು. ಈಗಿನ ನಿಯಮದಲ್ಲಿ ತಕ್ಕ ಕಾರಣವಿಲ್ಲದೆ ಸತತ ಮೂರು ಸಲ ಗೈರಾದರೆ ಮಾತ್ರ ಏಕಪಕ್ಷೀಯವಾಗಿ ಮುಂದುವರಿಯಬಹುದು, ಅದಕ್ಕೂ ಹದಿನೈದು ದಿನ ಮುಂಚೆ ಲಿಖಿತ ನೋಟಿಸು ಕೊಡಬೇಕು.

ತೀರ್ಮಾನಗಳು ಸಿದ್ಧವಾದಾಗ ಅನೇಕ ಸಮಿತಿಗಳು ಮರೆಯುವ ಒಂದು ಹೆಜ್ಜೆಯಿದೆ. ಇಬ್ಬರೂ ನೌಕರರಾಗಿದ್ದರೆ ತೀರ್ಮಾನಗಳ ಪ್ರತಿಯನ್ನು ಇಬ್ಬರಿಗೂ ಕೊಟ್ಟು, ಅವರ ಆಕ್ಷೇಪವಿದ್ದರೆ ಸಮಿತಿ ಕೇಳಬೇಕು. ಆಪರೇಟರ್ ಇಲ್ಲಿ, ಫೆಬ್ರವರಿಯ ಘಟನೆಯನ್ನು ಅವತ್ತೇ ತಂಗಿಗೆ ಫೋನಿನಲ್ಲಿ ಹೇಳಿಕೊಂಡಿದ್ದನ್ನು ಗಮನಿಸಿಲ್ಲವೆಂದು ಆಕ್ಷೇಪಿಸಬಹುದು. ಸಮಿತಿ ಅದನ್ನು ಪರಿಗಣಿಸಿ ಒಪ್ಪಲಿ, ಬಿಡಲಿ, ಕಾರಣ ಬರೆಯಬೇಕು. ಅಂತಿಮ ವರದಿಯಲ್ಲಿ ಪ್ರತಿ ಆರೋಪ, ಅದರ ಬಗ್ಗೆ ಸಿಕ್ಕ ಸಾಕ್ಷ್ಯ, ಯಾವುದನ್ನು ಏಕೆ ನಂಬಿದೆವು ಎಂಬುದು ಬಿಡಿಬಿಡಿಯಾಗಿ ಇರಬೇಕು. ‘ಎಲ್ಲ ಅಂಶಗಳನ್ನು ಪರಿಶೀಲಿಸಿ ಆರೋಪ ಸಾಬೀತಾಗಿದೆ’ ಎಂಬ ಒಂದು ಸಾಲಿನ ವರದಿ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ.

ವಿಚಾರಣೆ ಮುಗಿದ ಹತ್ತು ದಿನಗಳಲ್ಲಿ ವರದಿ ಮಾಲೀಕರ ಕೈ ಸೇರಬೇಕು, ಇಬ್ಬರಿಗೂ ಸಿಗಬೇಕು. ಮಾಲೀಕರು 60 ದಿನಗಳೊಳಗೆ ಶಿಫಾರಸಿನ ಮೇಲೆ ಕ್ರಮ ಕೈಗೊಳ್ಳಬೇಕು. ಸಂಸ್ಥೆಗೆ ಸೇವಾ ನಿಯಮಗಳಿದ್ದರೆ ಶಿಕ್ಷೆ ಅವುಗಳ ಪ್ರಕಾರ, ಇಲ್ಲದಿದ್ದರೆ ಲಿಖಿತ ಕ್ಷಮೆ, ಎಚ್ಚರಿಕೆಯಿಂದ ಹಿಡಿದು ಬಡ್ತಿ, ವೇತನ ಬಡ್ತಿ ತಡೆ, ಕೆಲಸದಿಂದ ತೆಗೆಯುವವರೆಗೆ. ಪರಿಹಾರಕ್ಕಾಗಿ ಆಪಾದಿತರ ಸಂಬಳದಿಂದ ಹಣ ಮುರಿದುಕೊಳ್ಳಲು ಸಮಿತಿ ಹೇಳಬಹುದು. ಅನುಭವಿಸಿದ ನೋವು, ಕೆಲಸದಲ್ಲಾದ ನಷ್ಟ, ಚಿಕಿತ್ಸೆಯ ಖರ್ಚು, ಕೊಡಬೇಕಾದವರ ಆದಾಯ ಎಲ್ಲವನ್ನೂ ನೋಡಿ ಮೊತ್ತ ನಿಗದಿಯಾಗುತ್ತದೆ. ಆಪರೇಟರ್ ದೂರಿಗೂ ಮುಂಚೆ ಸೂಪರ್‌ವೈಸರ್‌ಗೆ ಹೆದರಿ 11 ದಿನ ಸಂಬಳವಿಲ್ಲದ ರಜೆ ಹಾಕಿದ್ದರೆ, ಆ 11 ದಿನಗಳ ಸಂಬಳ ಮತ್ತು ತಪ್ಪಿದ ಇನ್ಸೆಂಟಿವ್‌ನಿಂದ ಲೆಕ್ಕ ಶುರುವಾಗಬೇಕು.

ಈ ವಿಚಾರಣೆ ನಡೆಯುತ್ತಿರುವಾಗಲೇ ಪೊಲೀಸರಿಗೂ ದೂರು ಕೊಡಬಹುದು. ಲೈಂಗಿಕ ಕಿರುಕುಳ ಭಾರತೀಯ ನ್ಯಾಯ ಸಂಹಿತೆಯ 75ನೆಯ ಕಲಮಿನಡಿ ಅಪರಾಧ. ಆಕೆ ಬಯಸಿದರೆ ಆ ದೂರಿಗೆ ನೆರವಾಗುವುದು ಮಾಲೀಕರ ಕರ್ತವ್ಯ, ಪೊಲೀಸ್ ಕೇಸಿದೆ ಎಂದು ಸಮಿತಿ ತನ್ನ ಕೆಲಸ ನಿಲ್ಲಿಸಬೇಕಾಗಿಲ್ಲ. ದೂರುದಾರೆ, ಆಪಾದಿತರು, ಸಾಕ್ಷಿಗಳು ಯಾರ ಹೆಸರೂ ಹೊರಗೆ ಹೋಗಬಾರದು. ಗುಟ್ಟು ಬಿಟ್ಟುಕೊಟ್ಟ ಸದಸ್ಯರಿಗೆ 5,000 ರೂಪಾಯಿ ದಂಡವಿದೆ, ಸಮಿತಿಯಿಂದಲೂ ತೆಗೆಯಬೇಕಾಗುತ್ತದೆ. ಸಮಿತಿಯನ್ನೇ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ, ಎರಡನೆಯ ಸಲ ತಪ್ಪಿದರೆ ಅದರ ಇಮ್ಮಡಿ, ಪರವಾನಗಿ ರದ್ದಾಗಲೂಬಹುದು. ಶಿಫಾರಸು ಒಪ್ಪದವರು, ಅಥವಾ ಮಾಲೀಕರು ಅದನ್ನು ಜಾರಿ ಮಾಡಲಿಲ್ಲವೆಂದು ನೊಂದವರು, ಶಿಫಾರಸಾದ 90 ದಿನಗಳೊಳಗೆ ಮೇಲ್ಮನವಿ ಹೋಗಬಹುದು. ಆಪರೇಟರ್‌ಗೂ ಸೂಪರ್‌ವೈಸರ್‌ಗೂ ಈ ಹಕ್ಕು ಸಮಾನವಾಗಿದೆ, ವರದಿ ಕೊಡುವಾಗಲೇ ಅದನ್ನು ಇಬ್ಬರಿಗೂ ಲಿಖಿತವಾಗಿ ತಿಳಿಸುವುದು ಒಳ್ಳೆಯ ಪದ್ಧತಿ.